ಸಾಲು ತಪ್ಪಿದ ಹನ್ನೊಂದು ವರ್ಷ

ಲೋಕನಾಥ್ ಅವರಿಗೆ ಹದಿನೈದು ವರ್ಷ ಜೀನ್ಸ್ ಹೊಲಿಸಿ ಒಂದೇ ಒಂದು ಬುದ್ಧಿ ಬಂದಿದೆ. ಒಬ್ಬಳು ಜೇಬು, ಒಬ್ಬಳು ಜಿಪ್, ಒಬ್ಬಳು ಸೊಂಟದ ಪಟ್ಟಿ. ಯಾರೂ ಇಡೀ ಪ್ಯಾಂಟು ಹೊಲಿಯಬಾರದು, ಹೊಲಿದರೆ ತಡವಾಗುತ್ತದೆ. ರಾಯದುರ್ಗದ ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಅಂಗಡಿ ಹಾಕಿದಾಗಲೂ ಅದೇ ಬುದ್ಧಿಯನ್ನು ಹೊತ್ತು ತಂದರು. ನಾನು ಆ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುವವಳು, ಹೆಸರು ಶೃತಿ.

ಮುಚ್ಚಿಹೋದ ಒಂದು ಗಾರ್ಮೆಂಟ್ಸ್‌ನ ಕೆಲಸಗಾರರ ಪಟ್ಟಿ ನಮ್ಮ ಪಾಲಿಗೆ ಬಂದಿತ್ತು. ಗಡಿಯಾಚೆ ಕರ್ನಾಟಕದಲ್ಲಿದ್ದ ಕಾರ್ಖಾನೆ, ಹಾಗಾಗಿ ಪಟ್ಟಿ ಕನ್ನಡದಲ್ಲೇ ಅಚ್ಚಾಗಿತ್ತು: ಕ್ರಮ ಸಂಖ್ಯೆ, ಹೆಸರು, ಊರು, ಕೆಲಸ, ಎಷ್ಟು ವರ್ಷ. ಒಂದು ಹೊಲಿಗೆ ತರಬೇತಿ ಕೇಂದ್ರದವರು ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಿಂದಲೇ ಓದಿಸಿ, ಕೋಷ್ಟಕ ಮಾಡಿ ಕಳಿಸಿದ್ದರು. ಹತ್ತು ವರ್ಷ ದುಡಿದವರನ್ನು ಮಾತ್ರ ಕಲಿಸುವ ಕೆಲಸಕ್ಕೆ ಕರೆಯುತ್ತಾರೆ. ತಿದ್ದಿದ ಪಟ್ಟಿ ಶುಕ್ರವಾರ ಅವರ ಕೈಸೇರಬೇಕು.

ಕಂಪ್ಯೂಟರ್ ಓದಿದ್ದನ್ನು ನೋಡಿದರೆ ಅಳಬೇಕೋ ನಗಬೇಕೋ ತಿಳಿಯದು. ಸುಂಕಮ್ಮನ ಸೊನ್ನೆ ಅಂಕಿಯ ಸೊನ್ನೆಯಾಗಿ, ಒತ್ತು ಉದುರಿ ‘ಸು೦ಕಮ’ ಆಗಿತ್ತು. ಎರ್ರಿಸ್ವಾಮಿಯ ಅರ್ಕಾವತ್ತು ಒಂಬತ್ತಾಗಿ ‘ಎರಿ೯ಸಾಮಿ’ ಆಗಿದ್ದ. ಚಿರಂಜೀವಿಯ ದೀರ್ಘ ಹೋಗಿತ್ತು. ಇವೆಲ್ಲ ತಿದ್ದಬಹುದಾದ ತಪ್ಪುಗಳು. ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿದರೆ ಆಯಿತು.

ನೋಡಲು ಬಿಟ್ಟರೆ ತಾನೇ? ಲೋಕನಾಥ್ ಕೋಷ್ಟಕವನ್ನು ಬಟ್ಟೆಯಂತೆ ಉದ್ದುದ್ದಕ್ಕೆ ಕತ್ತರಿಸಿದರು. ಹೆಸರಿನ ಕಾಲಂ ನನಗೆ, ಉಳಿದದ್ದು ಪಕ್ಕದ ಮಷಿನ್‌ನ ವನಿತಾಗೆ. ಕ್ರಮ ಸಂಖ್ಯೆಯನ್ನಂತೂ ಎಸೆದೇ ಬಿಟ್ಟರು.

“ನಂಬರ್ ಯಾಕ ಬೇಕು? ಕೊನೀಗೆ ಎಕ್ಸೆಲ್ಲೇ ಹಾಕ್ತೈತಿ. ನೀ ಹೆಸರಷ್ಟೇ ನೋಡು. ಕಸ ಕಂಡ್ರ ತೆಗಿ. ದಿನಕ್ಕ ನಾನೂರು ಸೆಲ್ ಆಗಬೇಕು.”

ನಾನು ಹಾಗೆಯೇ ಮಾಡಿದೆ. ಅಲ್ಲಲ್ಲಿ ಒಂದು ಸೆಲ್‌ನಲ್ಲಿ ಹೆಸರೇ ಇರುತ್ತಿರಲಿಲ್ಲ, ಒಂದೆರಡು ಕೊಕ್ಕೆ ಮಾತ್ರ ಇರುತ್ತಿದ್ದವು. ಕಸ ಎಂದು ಅಳಿಸಿ ಕೆಳಗಿನ ಹೆಸರುಗಳನ್ನು ಮೇಲಕ್ಕೆ ಏರಿಸಿದೆ. ಅವು ಏನು, ಎಲ್ಲಿಂದ ಬಂದವು ಎಂದು ಆಗ ಯೋಚಿಸಲಿಲ್ಲ.

ಗುರುವಾರ ಮಧ್ಯಾಹ್ನ ಸುಂಕಮ್ಮ ಬಂದರು. ಗುಡಿಬಂಡೆಯವರು. ಜೀನ್ಸ್ ಕೆಲಸ ಹುಡುಕಿಕೊಂಡು ಈ ಕಡೆ ಬಂದು, ಇಲ್ಲೇ ನಿಂತವರು; ಮೊದಲು ಲೋಕನಾಥ್ ಅವರ ಕೈಕೆಳಗೆ ಹೊಲಿದು, ಆಮೇಲೆ ಗಡಿಯಾಚೆಯ ಆ ಕಾರ್ಖಾನೆಗೆ ಸೇರಿದವರು. ನೆಟ್ಟ ದೃಷ್ಟಿಯಿಂದ ಹೊಲಿದು ಹೊಲಿದು ಕಣ್ಣು ಸೋತಿದೆ, ಇನ್ನು ಮಷಿನ್ ಮೇಲೆ ಎಂಟು ಗಂಟೆ ಕೂರಲಾರರು. ಕಲಿಸುವ ಕೆಲಸ ಸಿಕ್ಕರೆ ಬಾಳು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ತಮ್ಮ ಹೆಸರು ಇದೆಯೋ ಇಲ್ಲವೋ ನೋಡಿಹೋಗಲು ಬಂದಿದ್ದರು.

ಇರಲಿಲ್ಲ. ಸಿದ್ಧವಾದ ಪಟ್ಟಿಯಲ್ಲಿ ಎರಡು ಸಲ ಹುಡುಕಿದೆ.

“ಕಾರ್ಖಾನೆಯವ್ರೇ ಹೆಸರು ಬರ್ದಿರಲಿಕ್ಕಿಲ್ಲ ಬಿಡ್ರಿ,” ಎಂದರು ಲೋಕನಾಥ್, ಫೋನಿನಿಂದ ತಲೆ ಎತ್ತದೆ.

“ಬರ್ದವ್ರೆ ಸಾ,” ಎಂದರು ಸುಂಕಮ್ಮ. “ಆ ಪಟ್ಟಿ ಅಚ್ಚಾದಾಗ ನನ್ ಕಣ್ಣಾರೆ ನೋಡಿವ್ನಿ. ಮೇಲೆ ಕೆಂಪಕ್ಕ, ಕೆಳಗೆ ನಾನು, ನನ್ ಕೆಳಗೆ ರಾಮಾಂಜಿನಮ್ಮ. ಹನ್ನೊಂದು ವರ್ಷ ಅಂತ ಐತೆ.”

ಸ್ಕ್ಯಾನ್ ತೆರೆದೆ. ಅವರು ಹೇಳಿದ ಹಾಗೆಯೇ ಇತ್ತು. ಹತ್ತೊಂಬತ್ತು ಕೆಂಪಕ್ಕ, ಇಪ್ಪತ್ತು ಸುಂಕಮ್ಮ, ಇಪ್ಪತ್ತೊಂದು ರಾಮಾಂಜಿನಮ್ಮ. ಕೆಂಪಕ್ಕನ ಕೊನೆಯ ಒತ್ತು ಕೆಳಗಿನ ಗೆರೆಗೆ ತಾಗಿಕೊಂಡೇ ಅಚ್ಚಾಗಿತ್ತು. ಕಂಪ್ಯೂಟರ್ ಆ ಒತ್ತನ್ನು ಅಕ್ಷರದಿಂದ ಕಿತ್ತು, ಅದಕ್ಕೇ ಬೇರೆ ಒಂದು ಸಾಲು ಮಾಡಿತ್ತು. ಆ ಸಾಲಿನ ಊರು, ಕೆಲಸ, ವರ್ಷ ಎಲ್ಲ ಖಾಲಿ. ನಾನು ಕಸ ಎಂದು ಅಳಿಸಿದ್ದು ಕೆಂಪಕ್ಕನ ಒತ್ತನ್ನು.

ನನ್ನ ಕಾಲಂನಲ್ಲಿ ಸಾಲು ಹೋಯಿತು, ವನಿತಾಳ ಕಾಲಂಗಳಲ್ಲಿ ಖಾಲಿ ಸಾಲು ಉಳಿಯಿತು. ಎರಡನ್ನೂ ಪಕ್ಕಪಕ್ಕ ಅಂಟಿಸಿದಾಗ ಸುಂಕಮ್ಮನ ಹೆಸರು ಆ ಖಾಲಿ ಸಾಲಿಗೆ ಹೋಗಿ ಕೂತಿದೆ. ವರ್ಷವೇ ಇಲ್ಲದವರು ಪಟ್ಟಿಗೆ ಯಾಕೆ ಎಂದು ಲೋಕನಾಥ್ ಖಾಲಿ ಸಾಲುಗಳನ್ನು ತೆಗೆದುಹಾಕಿದ್ದಾರೆ. ಆಮೇಲೆ ಒಂದು, ಎರಡು, ಮೂರು ಎಂದು ಹೊಸ ನಂಬರ್ ಎಳೆದು ಎಲ್ಲವನ್ನೂ ನೀಟಾಗಿ ಮುಚ್ಚಿದ್ದಾರೆ!

“ಆತಲ್ಲ, ತಪ್ಪು ಸಿಕ್ತು,” ಎಂದರು ಲೋಕನಾಥ್. “ಕೊನೀಗೆ ಒಂದ್ ಸಾಲು ಸೇರಿಸು, ಇವರ ಹೆಸರು ಹಾಕು. ನಾಳೆ ಕಳಸೋಣ.”

ಕೊನೆಗೆ ಇಳಿದು ನೋಡಿದೆ. ಪುಟದ ಕೊನೆಯ ಸಾಲಿನಲ್ಲಿ ಊರಿತ್ತು, ಕೆಲಸವಿತ್ತು, ಆರು ವರ್ಷವಿತ್ತು, ಹೆಸರಿರಲಿಲ್ಲ. ಲೋಕನಾಥ್ ಅದನ್ನು ನೋಡಿಯೂ ಬಿಟ್ಟಿದ್ದರು.

ಸುಂಕಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು.

“ರಾಮಾಂಜಿನಮ್ಮಂಗೆ ಹನ್ನೊಂದು ವರ್ಷವಾ? ಅವ್ಳು ಮೂರು ವರ್ಷ ದಾರ ಕತ್ತರ್ಸ್‌ದೋಳು ಕಣವ್ವ. ಇದು ನನ್ ವರ್ಷ. ಅವಳ್ದು ಅವಳ ಕೆಳಗಿನೋಳಿಗೆ ಹೋಗೈತೆ. ಇಲ್ಲಿಂದ ಕೆಳಗೆ ಯಾರ ಮೈಮೇಲೂ ಅವರವರ ಬಟ್ಟೆ ಇಲ್ಲ!”

“ನನ್ನ ತಪ್ಪು ಅಕ್ಕ,” ಎಂದೆ. “ಅಳಿಸಿದ್ದು ನಾನೇ.”

“ಅಳ್ಸ್‌ದೋಳು ನೀನು. ನಂಬರ್ ಕಿತ್ತೋರು ಯಾರು?” ಅವರು ಲೋಕನಾಥ್ ಕಡೆ ತಿರುಗಿದರು. “ಸಾ, ನೀವು ಜೀನ್ಸ್ ಹೊಲಿಸ್ದೋರು. ಬಟ್ಟೆ ಪದರ ಪದರವಾಗಿ ಹಾಸಿ ಕತ್ತರಿಸ್ದಾಗ ಒಂದೊಂದು ತುಂಡಿಗೂ ನಂಬರ್ ಚೀಟಿ ಅಂಟಿಸ್ತಾ ಇರ್ಲಿಲ್ವಾ? ಏಳನೇ ಪದರದ ಎಡಗಾಲಿಗೆ ಏಳನೇ ಪದರದ ಬಲಗಾಲೇ ಸೇರ್ಬೇಕು. ಇಲ್ದಿದ್ರೆ ಒಂದು ಕಾಲು ಒಂದು ಬಣ್ಣ, ಇನ್ನೊಂದು ಇನ್ನೊಂದು ಬಣ್ಣ. ನಾನು ಒಂದು ಚೀಟಿ ಕಳ್ದಿದ್ಕೆ ಇಡೀ ಲೈನ್ ಮುಂದೆ ಬೈದಿದ್ರಿ. ಮನುಷ್ಯರ ಚೀಟಿ ಕೀಳಾಕೆ ನಿಮ್ಗೆ ಕೈ ಹೆಂಗ್ ಬಂತು?”

ಲೋಕನಾಥ್ ಮುಖ ಕೆಂಪಾಯಿತು. “ಒಂದ್ ಹೆಸರಿಗೆ ಇಡೀ ಪಟ್ಟಿ ಮತ್ತ ಮಾಡಾಕ ಆಗಂಗಿಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ವರ್ಷದಿಂದ ಅವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ.

“ಒಂದ್ ಹೆಸರಲ್ರಿ. ಈ ಪುಟದಾಗ ಸಾಲು ತಪ್ಪಿದೋರೇ ಇಪ್ಪತ್ತೆರಡು ಮಂದಿ. ಉಳಿದ ಎಂಟು ಪುಟದಾಗೂ ನಾ ಕಸ ತೆಗದೀನಿ. ಸುಂಕಮ್ಮಕ್ಕ ಬಂದು ಕೇಳಿದ್ರು, ಉಳಿದೋರು ಯಾವಾಗ ಬರಬೇಕು? ನಾ ಈ ಪಟ್ಟಿ ಕಳಸಂಗಿಲ್ಲ. ನೀವೇ ಕಳಿಸ್ತೀರಿ ಅಂದ್ರ ಕೇಂದ್ರದೋರಿಗೆ ನಾನೇ ಫೋನ್ ಮಾಡ್ತೀನಿ.”

ಅವರು ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋದರು. ವನಿತಾ ಎದ್ದು ಬಂದು, ಕೇಂದ್ರದವರು ಮೊದಲು ಕಳಿಸಿದ್ದ ಫೈಲನ್ನು ನನ್ನ ಮಷಿನ್ ಮೇಲೆ ತೆರೆದಳು. ಅದರಲ್ಲಿ ಕ್ರಮ ಸಂಖ್ಯೆ ಇತ್ತು, ಕಿತ್ತುಹೋದ ಒತ್ತುಗಳ ಸಾಲುಗಳೂ ಇದ್ದವು.

ಈ ಸಲ ಅಡ್ಡಡ್ಡಕ್ಕೆ ಕೆಲಸ ಮಾಡಿದೆವು. ವನಿತಾ ಸ್ಕ್ಯಾನ್ ನೋಡಿ ಸಂಖ್ಯೆ, ಹೆಸರು, ಊರು, ಕೆಲಸ, ವರ್ಷ ಓದಿದಳು. ನಾನು ಆ ಸಾಲನ್ನು ಪೂರ್ತಿ ತಿದ್ದಿದೆ. ಒತ್ತು ಬೇರೆ ಸಾಲಾಗಿದ್ದ ಕಡೆ, ಮೊದಲು ಅದನ್ನು ಅದರ ಅಕ್ಷರಕ್ಕೆ ಸೇರಿಸಿ, ಆಮೇಲೆ ಇಡೀ ಸಾಲನ್ನು ಅಳಿಸಿದೆ. ಇಪ್ಪತ್ತಕ್ಕೆ ಬಂದಾಗ ವನಿತಾ ಓದುವುದನ್ನು ನಿಲ್ಲಿಸಿದಳು. ಸುಂಕಮ್ಮನೇ ಓದಿದರು: “ಸುಂಕಮ್ಮ, ಗುಡಿಬಂಡೆ, ಟೈಲರ್, ಹನ್ನೊಂದು.” ಓದಿ ಎದ್ದು ಹೋಗಬಹುದಿತ್ತು, ಅವರ ಕೆಲಸ ಆಗಿತ್ತು. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು “ಇಪ್ಪತ್ತೊಂದು” ಎಂದರು.

ಸಂಜೆ ಲೋಕನಾಥ್ ಒಳಗೆ ಬಂದರು.

“ಎಷ್ಟು ಸೆಲ್ ಆದ್ವು?”

“ಸೆಲ್ ಎಣಿಸಿಲ್ರಿ,” ಎಂದೆ. “ನೂರ ಎಂಬತ್ತು ಮಂದಿ ಆದ್ರು. ಇನ್ನೂ ನೂರ ತೊಂಬತ್ತು ಮಂದಿ ಅದಾರ. ಕೂಡ್ರಿ, ನೀವೂ ಓದ್ರಿ.”