ಕಾರಿಡಾರಿನಲ್ಲಿ ಅಳೆದ ಸಿಗ್ನಲ್

ಇಚಲಕರಂಜಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವೃಷಾಲಿ, ಪ್ರಣಿತಾ ಒಂದೇ ಬೆಂಚಿನವರು. ಇಬ್ಬರ ಅಪ್ಪಂದಿರೂ ಒಂದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದರು. ಹೋದ ಸಲ, ಲ್ಯಾಬ್ ಕಲಿಸುವ ಶ್ರೀಪಾಲ ಸರ್ ಪ್ರಣಿತಾಳ ಲ್ಯಾಬ್ ವರದಿಯ ಪ್ರಸ್ತಾವನೆಯನ್ನು ಕ್ಲಾಸಿಗೆಲ್ಲ ಓದಿ ಹೇಳಿದ್ದರು. ವೃಷಾಲಿಯದನ್ನು ವಾಪಸು ಕೊಡುತ್ತ, "ಇದು ರೇಡಿಯೊ ಇತಿಹಾಸ ಆತು. ಏನ ಅಳೀತೀರಿ, ಯಾಕ ಅಳೀತೀರಿ, ಅದನ್ನ ಬರೀರಿ" ಎಂದಿದ್ದರು. ಅಂದಿನಿಂದ ಪ್ರಣಿತಾಳ ನಗುವೂ ವೃಷಾಲಿಗೆ ಸೇರುತ್ತಿರಲಿಲ್ಲ.

ಈ ಸಲದ ಪ್ರಯೋಗ, ಕಟ್ಟಡದೊಳಗೆ ದೂರ ಹೆಚ್ಚಿದಂತೆ ವೈಫೈ ಸಿಗ್ನಲ್ ಎಷ್ಟು ಕುಗ್ಗುತ್ತದೆ ಎಂಬುದು. ಇಬ್ಬರಿಗೂ ಸೇರಿ ಒಂದೇ ವರದಿ. ಪ್ರಸ್ತಾವನೆ ಪ್ರಣಿತಾಳದು, ಗ್ರಾಫ್ ವೃಷಾಲಿಯದು ಎಂದು ಸರ್ ಹಂಚಿಬಿಟ್ಟರು. 'ಮತ್ತ ಅಕೀಗೇ' ಎಂದುಕೊಂಡಳು ವೃಷಾಲಿ.

ಕಾರಿಡಾರಿನ ಒಂದು ತುದಿಗೆ ರೌಟರ್ ಇಟ್ಟು, ದೂರ ಸರಿಯುತ್ತ ಲ್ಯಾಪ್‌ಟಾಪಿನಲ್ಲಿ ರೀಡಿಂಗ್ ತೆಗೆದುಕೊಂಡರು. ದೂರ ಎರಡರಷ್ಟಾದಾಗಲೆಲ್ಲ ಸಿಗ್ನಲ್ ಹೆಚ್ಚುಕಡಿಮೆ ಐದು ಡೆಸಿಬೆಲ್ ಇಳಿಯುತ್ತಿತ್ತು. ಪ್ರಣಿತಾಳ ಪ್ರಸ್ತಾವನೆಯಲ್ಲಿ ಮಾತ್ರ, ಬಯಲಿನಲ್ಲಿ ಆರು ಇಳಿಯುತ್ತದೆ, ಕಟ್ಟಡದೊಳಗೆ ಎಲ್ಲಿ ಅಳೆದರೂ ಅದಕ್ಕಿಂತ ಹೆಚ್ಚು ಎಂದಿತ್ತು.

ತಪ್ಪು ಎಲ್ಲಿದೆಯೆಂದು ವೃಷಾಲಿಗೆ ಓದಿದ ಕೂಡಲೇ ತಿಳಿಯಿತು. ಗೋಡೆಗಳನ್ನು ದಾಟಿ ಹೋದರೆ ಆ ಮಾತು ನಿಜ. ಅಡ್ಡಿಯಿಲ್ಲದ ಉದ್ದನೆಯ ಕಾರಿಡಾರಿನಲ್ಲಿ ಅಲೆಗಳು ಅಕ್ಕಪಕ್ಕದ ಗೋಡೆಗೆ ತಾಗಿ ಮತ್ತೆ ಒಳಕ್ಕೇ ಬರುತ್ತವೆ. ಸಿಗ್ನಲ್ ಬಯಲಿಗಿಂತ ನಿಧಾನವಾಗಿಯೂ ಕುಗ್ಗಬಹುದು.

"ಗ್ರಾಫ್ ಬರೋಬರಿ ಐತೇನ?" ಪ್ರಣಿತಾ ಕೇಳಿದಳು. "ನಾ ಬರದದ್ದಕ್ಕ ಹೊಂದವಲ್ದು."

"ಗ್ರಾಫ್ ಬರೋಬರಿ ಐತಿ." ಅಷ್ಟೇ ಹೇಳಿದಳು ವೃಷಾಲಿ. ಈ ಸಲ ಅವಳೂ ಬೈಸಿಕೊಳ್ಳಲಿ ಎಂದು ಒಳಗೊಳಗೇ ಕಾದಳು.

ಸರ್ ವರದಿ ಓದಿ, ತಲೆ ಎತ್ತಿ ಪ್ರಣಿತಾಳನ್ನು ನೋಡಿದರು. "ನೀವು ಅಳದದ್ದು ಎಲ್ಲಿ? ಕಾರಿಡಾರಿನ್ಯಾಗ. ಅದರ ಮಾತ ಪ್ರಸ್ತಾವನೇದಾಗ ಯಾಕಿಲ್ಲ?"

ಪ್ರಣಿತಾ ಉತ್ತರಿಸುವ ಮೊದಲೇ ವೃಷಾಲಿ ಎದ್ದು ನಿಂತು ಗೋಡೆ, ಅಲೆ ಎಲ್ಲವನ್ನೂ ಸರಾಗವಾಗಿ ವಿವರಿಸಿದಳು. ಈಗ ಹೊಗಳುತ್ತಾರೆಂದುಕೊಂಡಳು.

"ಮೊದಲ ಗೊತ್ತಿತ್ತೇನ್ರಿ ನಿಮಗ?"

"ಹೌದ್ರಿ ಸರ್."

"ಮತ್ತ ಇದರ ಮ್ಯಾಲ ನಿಮ್ಮ ಹೆಸರೂ ಐತೆಲ್ಲ?" ಸರ್ ವರದಿಯನ್ನು ಇಬ್ಬರ ನಡುವೆ ಇಟ್ಟರು. "ತಿದ್ದಿಕೊಂಡ ಬರ್ರಿ."

ಹೊರಗೆ ಪ್ರಣಿತಾ ಜಗಳಕ್ಕೆ ಬರಲಿಲ್ಲ. "ಕೇಳಿದ್ನೆಲ್ಲ ನಾ ನಿನ್ನ" ಎಂದಳು. ಆಮೇಲೆ, "ಪ್ರಸ್ತಾವನೆ ನೀನ ಬರಿ" ಎಂದು ಹಾಳೆಗಳನ್ನು ಕೊಟ್ಟು ಬಸ್ಸಿಗೆ ಹೋದಳು.

ವೃಷಾಲಿ ಲೈಬ್ರರಿಯಲ್ಲಿ ಕುಳಿತು ಕಾರಿಡಾರಿನ ವಿಷಯವನ್ನು ಸ್ಪಷ್ಟವಾಗಿ ಬರೆದಳು. ಆದರೆ ಮೊದಲ ವಾಕ್ಯ ಅವಳಿಗೆ ಒಲಿಯಲಿಲ್ಲ. ಪ್ರಣಿತಾ ಬರೆದಿದ್ದಳು: "ಒಂದೇ ಕಟ್ಟಡದಲ್ಲಿ ಒಂದು ಕೋಣೆಯಲ್ಲಿ ಫೋನಿಗೆ ವೈಫೈ ಸಿಗುತ್ತದೆ, ಪಕ್ಕದ ಕೋಣೆಯಲ್ಲಿ ಸಿಗುವುದಿಲ್ಲ, ಯಾಕೆಂದು ಅಳೆದು ನೋಡಬೇಕಿದೆ." ವೃಷಾಲಿ ನಾಲ್ಕಾರು ಬಗೆಯಲ್ಲಿ ಬದಲಿಸಿ ನೋಡಿದಳು. ಯಾವುದೂ ಇದರ ಸಮ ಬರಲಿಲ್ಲ. ಹೊಟ್ಟೆ ಮತ್ತೆ ಉರಿಯಿತು. ಕೊನೆಗೆ ಅದನ್ನು ಒಂದಕ್ಷರವೂ ಬದಲಿಸದೆ ಎಲ್ಲಕ್ಕಿಂತ ಮೇಲೆ ಬರೆದುಕೊಂಡಳು.