ಸನ್ಮಾನ್ಯದಿಂದ ನಮಸ್ಕಾರಕ್ಕೆ

ನಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬನ್ನು ನೆಲಮಾಳಿಗೆಗೆ ಇಳಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಜಾಗ ಗೊತ್ತುಮಾಡಿದ್ದು ಜನರೇಟರ್ ಕೋಣೆಯ ಪಕ್ಕದಲ್ಲಿ. ಅದು ಶುರುವಾದರೆ ನೆಲ ಅದುರುತ್ತದೆ, ಮೈಕ್ರೋಸ್ಕೋಪಿನಲ್ಲಿ ರಕ್ತಕಣಗಳು ಕುಣಿಯುತ್ತವೆ. ಕುಣಿಯುವ ಕಣ ನೋಡಿ ಯಾರಿಗೆ ಯಾವ ಕಾಯಿಲೆ ಅಂತ ಬರೆಯುವುದು? ಲ್ಯಾಬಿನ ಮೇಲ್ವಿಚಾರಕಿ ನಾನು. ವರದಿ ತಪ್ಪಿದರೆ ರೋಗಿಯ ಗತಿ ಏನು?

ಶುಕ್ರವಾರದ ಸಭೆಯಲ್ಲಿ ತೀರ್ಮಾನ. ಅಷ್ಟರೊಳಗೆ ಹೊಸ ಮುಖ್ಯ ವೈದ್ಯರಿಗೆ ಮೇಲ್ ಹೋಗಬೇಕು. ನಾನು ಪೇಚಿಗೆ ಸಿಕ್ಕಿದ್ದು ಇಲ್ಲೇ. ಈ ಮುಖ್ಯ ವೈದ್ಯೆ ಓದುವ ಕಾಲದಲ್ಲಿ ನನ್ನ ಕೈಕೆಳಗೆ ತರಬೇತಿಗೆ ಬಂದವರು. ಆಗ ಅವರನ್ನು "ಏ ಹುಡುಗಿ" ಎಂದೇ ಕರೆಯುತ್ತಿದ್ದೆ. ಈಗ ಆಸ್ಪತ್ರೆಯೇ ಅವರ ಕೈಯಲ್ಲಿದೆ. ಏನಂತ ಶುರುಮಾಡಲಿ?

ನಾನು "ನಮಸ್ಕಾರ" ಎಂದಷ್ಟೇ ಬರೆದು, ಮೇಲಿನವರಿಗೆ ಹೋಗುವ ಮೇಲ್‌ಗಳನ್ನೆಲ್ಲ ಮೊದಲು ನೋಡುವ ಆಡಳಿತಾಧಿಕಾರಿಗೆ ತೋರಿಸಿದೆ. ಈ ಮನುಷ್ಯನಿಗೆ ನಾವು ಇಟ್ಟ ಹೆಸರು ಶಿಷ್ಟಾಚಾರ.

"ಏನ್ರೀ ಇದು? ಪಕ್ಕದ ಮನೆಯವರ ಹತ್ರ ಮೊಸರು ಕೇಳೋ ಹಾಗಿದೆ," ಎಂದರು. "ಸರಿಸಮಾನರಿಗೆ 'ಪ್ರಿಯ', ವಿಭಾಗದ ಮುಖ್ಯಸ್ಥರಿಗೆ 'ಮಾನ್ಯ', ಅವರಿಗಿಂತ ಮೇಲಿದ್ರೆ 'ಸನ್ಮಾನ್ಯ'. ಕೊನೇಲಿ 'ತಮ್ಮ ಅತ್ಯಂತ ವಿಧೇಯ' ಅಂತ ಹಾಕಿ."

"ಕೆಳಗಿನವರಿಗೆ?"

"ಅವರಿಗೇನು, ವಿಷಯ ಬರೆದ್ರೆ ಸಾಕು."

ನನಗೆ ಇವರ ತಲೆಗೆ ಫೈಲು ಎತ್ತಿ ಹಾಕಬೇಕು ಅನ್ನಿಸಿತು. ಆದರೂ ಕೆಲಸ ಆಗಲಿ ಎಂದು ಹಲ್ಲುಕಚ್ಚಿ ಕುಳಿತೆ. "ಸನ್ಮಾನ್ಯ ಮುಖ್ಯ ವೈದ್ಯಾಧಿಕಾರಿಗಳ ಸನ್ನಿಧಾನಕ್ಕೆ" ಎಂದು ಶುರುಮಾಡಿ, "ತಮ್ಮ ಅತ್ಯಂತ ವಿಧೇಯ" ಎಂದು ಮುಗಿಸಿದೆ. ಶಿಷ್ಟಾಚಾರರ ಮುಖ ಅರಳಿತು. ಮೇಲ್ ಹೋಯಿತು.

ಮರುದಿನವೇ ಉತ್ತರ ಬಂತು: "ಮಾನ್ಯರೇ, ಸ್ಥಳಾಂತರಕ್ಕೆ ತಾವು ಸಹಕರಿಸುತ್ತಿರುವುದು ಸಂತೋಷ. ಇಂತಿ, ಮುಖ್ಯ ವೈದ್ಯಾಧಿಕಾರಿ."

ಸಹಕಾರವೇ! ನಾನು ಯಾವಾಗ ಒಪ್ಪಿದೆ? ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ನಾನು ಕಳಿಸಿದ್ದ ಮೇಲ್ ಅನ್ನು ಗಂಡನಿಗೆ ಓದಿ ಹೇಳಿದೆ. ಆತ ಈರುಳ್ಳಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ.

"ಅಲ್ಲ ಕಣೆ, ನಿಂಗೆ ಆ ನೆಲಮಾಳಿಗೆ ಬೇಕೋ ಬೇಡ್ವೋ?"

"ಬೇಡ ಅಂತ ತಾನೆ ಬರೆದಿರೋದು!"

"ಎಲ್ಲಿ? 'ತಮ್ಮ ಚಿತ್ತಕ್ಕೆ ಬಂದಂತೆ' ಅಂದಿದೀಯ. 'ಕಿಂಚಿತ್ ಅನನುಕೂಲ' ಅಂದಿದೀಯ. ಜನರೇಟರ್ ಅನ್ನೋ ಮಾತೇ ಇಲ್ಲ."

ಮತ್ತೆ ಓದಿದೆ. ಇರಲಿಲ್ಲ. ಸನ್ನಿಧಾನ ಎಂದು ಶುರುಮಾಡಿದವಳು ಸಾಲುಸಾಲಿಗೂ ಬಗ್ಗುತ್ತಾ ಹೋಗಿದ್ದೆ. ಅಷ್ಟು ಬಗ್ಗಿದ ಮೇಲೆ "ಆಗುವುದಿಲ್ಲ" ಎನ್ನುವ ಮಾತು ಎಲ್ಲಿಂದ ಹೊರಡಬೇಕು? ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಗಂಡ ಒಳ್ಳೆಯವನು, ನಗು ನುಂಗಿಕೊಂಡ.

ಬೆಳಿಗ್ಗೆ ಲ್ಯಾಬಿಗೆ ಹೋಗಿ ಹೊಸದಾಗಿ ಬರೆದೆ. ಬರೀ ಹೆಸರು ಹಿಡಿದು ಕರೆದರೆ ಹಳೆಯ ಸಲುಗೆ ತೋರಿಸಿದಂತೆ, ಆ ಕುರ್ಚಿಗೆ ಅವಮಾನ. "ಸನ್ಮಾನ್ಯ" ಎಂದರೆ ನನ್ನ ಬಾಯಿಗೆ ಬೀಗ. "ಡಾಕ್ಟರ್ ಅವರಿಗೆ, ನಮಸ್ಕಾರ" ಎಂದು ಬರೆದೆ. ಬೆನ್ನು ತಾನಾಗಿ ನೆಟ್ಟಗಾಯಿತು.

"ನನ್ನ ಹಿಂದಿನ ಮೇಲ್ ಸ್ಪಷ್ಟವಾಗಿರಲಿಲ್ಲ. ಲ್ಯಾಬ್ ನೆಲಮಾಳಿಗೆಗೆ ಹೋಗಬಾರದು. ಜನರೇಟರ್ ಓಡುವಾಗ ನೆಲ ಅದುರಿ, ಮೈಕ್ರೋಸ್ಕೋಪಿನಲ್ಲಿ ಕಣಗಳನ್ನು ಗುರುತಿಸಲು ಆಗುವುದಿಲ್ಲ. ಅಂಥ ವರದಿಗೆ ನಾನು ಸಹಿ ಹಾಕಲಾರೆ. ದಯವಿಟ್ಟು ಸಭೆಗೆ ಮೊದಲು ಒಮ್ಮೆ ಬಂದು ನೋಡಿ. ವಂದನೆಗಳೊಂದಿಗೆ," ಅದರ ಕೆಳಗೆ ನನ್ನ ಹೆಸರು, ಹುದ್ದೆ.

ಶಿಷ್ಟಾಚಾರರು ತಲೆ ಚಚ್ಚಿಕೊಂಡರು. "ವಿಧೇಯ ಎಲ್ಲಿ? ಇದನ್ನ ನಾನು ಕಳಿಸಲ್ಲ."

"ನಾನೇ ಕಳಿಸ್ತೀನಿ ಸರ್. ಪ್ರತಿ ನಿಮಗೂ ಬರುತ್ತೆ," ಎಂದು ಅವರೆದುರಿಗೇ ಗುಂಡಿ ಒತ್ತಿದೆ.

ಗುರುವಾರವಿಡೀ ಉತ್ತರವಿಲ್ಲ. ಶಿಷ್ಟಾಚಾರರು ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಸತ್ತವರ ಮನೆಗೆ ಬಂದವರ ಮುಖ ಮಾಡುತ್ತಿದ್ದರು. ಶುಕ್ರವಾರ ಸಭೆ ಶುರುವಾಗುವ ಮೊದಲು ಮೇಲ್ ಬಂತು. ನನಗೊಬ್ಬಳಿಗೇ ಅಲ್ಲ, ಎಲ್ಲ ವಿಭಾಗದ ಮುಖ್ಯಸ್ಥರಿಗೂ, ಶಿಷ್ಟಾಚಾರರಿಗೂ. ಲ್ಯಾಬಿನವರೆಲ್ಲ ನನ್ನ ಕುರ್ಚಿಯ ಹಿಂದೆ ಮುತ್ತಿಕೊಂಡರು. ನಾನು ಗಟ್ಟಿಯಾಗಿ ಓದಿದೆ.

"ಮೇಡಂ, ನಮಸ್ಕಾರ. ನಿನ್ನೆ ಸಂಜೆ ನೀವು ಮನೆಗೆ ಹೋದ ಮೇಲೆ ಮೈಕ್ರೋಸ್ಕೋಪ್ ಹೊರಿಸಿಕೊಂಡು ನಾನೇ ನೆಲಮಾಳಿಗೆಗೆ ಹೋಗಿ, ಜನರೇಟರ್ ಹಾಕಿಸಿ ನೋಡಿದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಲ್ಯಾಬ್ ಇದ್ದಲ್ಲೇ ಇರುತ್ತದೆ. ಇಂದಿನ ಸಭೆಯ ಪಟ್ಟಿಯಿಂದ ಈ ವಿಷಯ ಕೈಬಿಡಲಾಗಿದೆ. ನಿಮ್ಮ ಮೊದಲ ಮೇಲ್ ಓದಿ ಬೇಸರವಾಗಿತ್ತು. ನನ್ನನ್ನು ಬೈದು ಕಲಿಸಿದವರು ನನಗೇ ಹೆದರುತ್ತಾರೆಯೇ ಎಂದು. ಎರಡನೆಯದು ಓದಿ ನಿರಾಳವಾಯಿತು."

ಅದರ ಕೆಳಗೆ ಮುಖ್ಯ ವೈದ್ಯಾಧಿಕಾರಿ ಎಂದಿರಲಿಲ್ಲ. ಇಡೀ ಆಸ್ಪತ್ರೆ ಓದುವಂತೆ ಅವರು ಬರೆದಿದ್ದರು: "ಇಂತಿ, ನಿಮ್ಮ ವಿದ್ಯಾರ್ಥಿನಿ."

ಹಿಂದೆ ನಿಂತವರು ಚಪ್ಪಾಳೆ ಹೊಡೆಯುತ್ತಿದ್ದರು. ಆ ಕೊನೆಯ ಸಾಲನ್ನು ನಾನು ಇನ್ನೊಮ್ಮೆ ಓದಿದೆ, ಕಾರಿಡಾರಿಗೂ ಕೇಳುವ ಹಾಗೆ.