ತೊಳೆದ ಕುಂಚಗಳು

ಬಣ್ಣದ ಕುಂಚ ತೊಳೆಯುವುದು ಯಾರ ಕಣ್ಣಿಗೂ ಬೀಳದ ಕೆಲಸ. ಬೀಳದೇ ಇರಲಪ್ಪಾ ಎಂದೇ ಹಜರತಬಿ ದಿನವೂ ಬೇಡಿಕೊಳ್ಳುತ್ತಿದ್ದಳು. ಅವಳ ಗಂಡ ಮೌಲಾಅಲಿ ಗುರುಲಿಂಗಪ್ಪನವರ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಪಾತ್ರಧಾರಿಗಳ ಮುಖಕ್ಕೆ ಬಣ್ಣ ಹಚ್ಚುವವ. ಅವನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅದು ಗಂಡಹೆಂಡತಿ ಇಬ್ಬರಿಗೇ ಗೊತ್ತು. ಧಣಿಗೆ ತಿಳಿದರೆ ಅನ್ನಕ್ಕೆ ಕಲ್ಲು.

ಹಾಗಾಗಿ ತೊಳೆಯುವುದೆಲ್ಲ ಅವಳದೇ. ವೇಷದ ಟೋಪಿನ ಸುಳ್ಳುಗೂದಲು ಬಾಚುವ ಬ್ರಶ್ಶು, ಹಣಿಗೆಗಳಲ್ಲಿ ಸಿಕ್ಕಿದ ಕೂದಲು, ನೂಲೆಳೆಗಳನ್ನು ಮೊದಲು ಸೂಜಿಯಿಂದ ಕೀಳುವಳು. ಆಮೇಲೆ ಅಂಟವಾಳದ ನೊರೆಯಲ್ಲಿ ಜಿಡ್ಡು ತಿಕ್ಕುವಳು. ಕುಂಚಗಳದು ಇನ್ನೂ ನಾಜೂಕು. ಕೊಬ್ಬರಿ ಎಣ್ಣೆ ಸವರಿ ಬಣ್ಣ ಸಡಿಲಿಸಿ, ಅರಿವೆಗೆ ಒರೆಸಿ, ತುದಿಯನ್ನಷ್ಟೇ ಉಗುರುಬೆಚ್ಚಗಿನ ನೊರೆಯಲ್ಲಿ ಆಡಿಸಿ, ಅಡ್ಡ ಮಲಗಿಸಿ ಒಣಗಿಸಬೇಕು. ಬುಡಕ್ಕೆ ನೀರು ಹೋಗಬಾರದು. ಕೂದಲನ್ನು ಹಿಡಿದಿಟ್ಟ ಅಂಟು ಇರುವುದೇ ಅಲ್ಲಿ. ಒಣಗಿದವನ್ನು ದಪ್ಪದಿಂದ ಸಣ್ಣಕ್ಕೆ ಸಾಲಾಗಿ ಇಟ್ಟರೆ ಅವನ ಕೈ ತಾನೇ ಹುಡುಕಿಕೊಳ್ಳುತ್ತಿತ್ತು.

ಕಂಪನಿ ಕೊಣ್ಣೂರಿನಲ್ಲಿದ್ದಾಗ ಅವಳಿಗೆ ಜ್ವರ ಬಂದು ನಾಲ್ಕು ದಿನ ಏಳಲಾಗಲಿಲ್ಲ. ಐದನೆಯ ಬೆಳಿಗ್ಗೆ ನೋಡಿದರೆ ಬಣ್ಣ ಮೆತ್ತಿ ಮೆತ್ತಿ ಕುಂಚಗಳೆಲ್ಲ ಕಡ್ಡಿಯಾಗಿವೆ. ಎಣ್ಣೆಗೆ ಜಪ್ಪಯ್ಯ ಅನ್ನಲಿಲ್ಲ. ರಾತ್ರಿ ಆಟ ಬೇರೆ. ಎಲ್ಲ ಬಲ್ಲವಳೇ, ಆದರೂ ಹೆದರಿಕೆಯಲ್ಲಿ ಕುದಿನೀರಿಗೆ ಸೋಡಾ ಹಾಕಿ ಹಿಡಿಕೆಸಮೇತ ಮುಳುಗಿಸಿಬಿಟ್ಟಳು. ಮಧ್ಯಾಹ್ನ ಎತ್ತಿದಾಗ ಹೊಸವುಗಳಂತೆ ಶುಭ್ರ! ಖುಷಿಯಲ್ಲಿ ಬಿಸಿಲಿಗಿಟ್ಟಳು, ಒಂದನ್ನಾದರೂ ಜಗ್ಗಿ ನೋಡಬೇಕೆಂಬ ಬುದ್ಧಿ ಬರಲಿಲ್ಲ ಪುಣ್ಯಾತಗಿತ್ತಿಗೆ.

ಸಂಜೆ ರಾಜನ ಪಾತ್ರದ ರಾಚಪ್ಪ ಕಣ್ಣು ಮುಚ್ಚಿ ಮುಖ ಒಡ್ಡಿದ. ನಾಲ್ಕು ಸಲ ಕುಂಚ ಆಡುವಷ್ಟರಲ್ಲಿ ಕೆನ್ನೆಯ ತುಂಬ ಉದುರಿದ ಕೂದಲು. ಮೌಲಾಅಲಿ ಅವುಗಳ ಮೇಲೇ ಬಣ್ಣ ಬಳಿಯುತ್ತ ಹೋದ. ನೀರಿನ ತಂಬಿಗೆ ತಂದ ಹಜರತಬಿ ಅದನ್ನು ಕಂಡಾಗ ಗುರುಲಿಂಗಪ್ಪ ಆಗಲೇ ಬಾಗಿಲಲ್ಲಿದ್ದರು.

"ಏನಿದು ಮೌಲಾ?"

"ಚಂದ ಬಂದೈತಿ ಅಲ್ರಿ ಧಣೀ?" ಎಂದು ಅವನು ನಕ್ಕ.

ಅವಳು ಓಡಿಬಂದಳು. "ತಪ್ಪು ನಂದ್ರಿ! ಕುದಿಯೋ ನೀರಾಗ ಕುಂಚಾ ನಾನ ಹಾಕಿದ್ದೆರಿ."

"ಕೂದಲಾ ಉದುರಿದ್ದು ನಿನ್ನ ತಪ್ಪ ಇರ್ಲೆವ್ವಾ. ಇವಗ ಅದು ಕಾಣ್ಲಿಲ್ಲಲ್ಲ?"

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಅವನ ಕೈಯಿಂದ ಕುಂಚ ತೆಗೆದುಕೊಂಡು, ಮನೆಗೆ ಹೋಗು ಎಂದರು. ಮುಂದಿನ ಊರಿಗೆ ಬರುವುದು ಬೇಡ ಎಂದೂ ಹೇಳಿದರು.

ಘಟಪ್ರಭಾ ಸ್ಟೇಶನ್ನಿನ ದಾರಿಯಲ್ಲಿ ಅವಳು ಅವನ ಕೈ ಹಿಡಿದು ನಡೆಸುತ್ತಿದ್ದಳು. ಇನ್ನು ಮುಚ್ಚಿಡುವುದೇನಿತ್ತು? ಇನ್ನೊಂದು ಕೈಯ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತ ಅವನು ಹೇಳಿದ.

"ಕುಂಚ ತೆಳ್ಳಗಾಗಾಕತ್ತದ್ದು ಕೈಗೆ ಗೊತ್ತಾಗಿತ್ತು."

"ಮತ್ಯಾಕ ನಿಲ್ಲಿಸ್ಲಿಲ್ರಿ?"

"ನೀ ತೊಳದಿದ್ದಿ. ನನ್ನ ಕೈಯಽ ತಪ್ಪಿರಬೇಕು ಅಂದ್ಕೊಂಡೆ."